ಕಾಯುವ ಬಡ್ಡಿ, ದುಡಿಯುವ ಬಡ್ಡಿ

ಹೊನ್ನಾವರದಿಂದ ಕುಮಟೆಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಕರ್ಕಿ ಸಿಗುತ್ತದೆ. ಕರಾವಳಿಯ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ನಾಲ್ಕು ಪಥಗಳಾಗಿ ಅಗಲಿಸಲು ತೊಡಗಿದಾಗ ಈ ದಂಡೆಯ ಎಷ್ಟೋ ಮನೆಗಳ ಅಂಗಳ, ಹಿತ್ತಿಲುಗಳು ರಸ್ತೆಯ ಪಾಲಾದವು. ಕರ್ಕಿಯಲ್ಲಿದ್ದ ನನ್ನ ಸೋದರತ್ತೆಯ ಹಿತ್ತಿಲಿನ ಒಂದು ಅಂಚೂ, ಅದರೊಡನೆ ಏಳೆಂಟು ತೆಂಗಿನ ಮರಗಳೂ ಹೋದವು. ಪರಿಹಾರದ ಹಣ ಬಂತು. ಸಾಲ ಸೋಲ ತೀರಿಸಿ, ಮಾಡು ರಿಪೇರಿ ಮಾಡಿಸಿದ ಮೇಲೆ ಅತ್ತೆಯ ಕೈಯಲ್ಲಿ ಸರಿಯಾಗಿ ಒಂದು ಲಕ್ಷ ರೂಪಾಯಿ ಉಳಿಯಿತು. ಇದು 2015ರ ಮಾತು.

ಆಗ ಆಕೆಯ ಮೊಮ್ಮಗಳಿಗೆ ಎಂಟು ವರ್ಷ. ಹುಡುಗಿಗೆ ಹದಿನೆಂಟಾಗಿ ಕಾಲೇಜಿಗೆ ಹೊರಡುವ ಹೊತ್ತಿಗೆ ಈ ಹಣ ಬೆಳೆದು ನಿಂತಿರಬೇಕು ಎಂಬುದು ಅತ್ತೆಯ ಆಸೆ. ಮರ ಹೋಯಿತು, ಮರದ ಫಲವಾದರೂ ಉಳಿಯಲಿ ಎಂಬ ಭಾವ. ಒಂದು ದಿನ ನಾನು ಹೋದಾಗ ಮೂರು ಚೀಟಿಗಳನ್ನು ಜಗಲಿಯ ಮೇಲೆ ಹರಡಿ, “ತಮಾ, ನೀನು ಲೆಕ್ಕ ಕಲಿಸಿದವನು. ಇದರಲ್ಲಿ ಯಾವುದು ಹೆಚ್ಚು ಹೇಳು” ಎಂದಳು.

ಮೊದಲನೆಯದು ಒಂದು ಪತ್ತಿನ ಸಹಕಾರಿ ಸಂಘದ ಚೀಟಿ. ಶೇಕಡಾ ಎಂಟೂಕಾಲು ಬಡ್ಡಿ, ವರ್ಷಕ್ಕೊಮ್ಮೆ ಅಸಲಿಗೆ ಸೇರಿಸಲಾಗುವುದು ಎಂದಿತ್ತು. ಎರಡನೆಯದು ಒಂದು ಬ್ಯಾಂಕಿನದು. ಶೇಕಡಾ ಎಂಟು, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರ್ಪಡೆ. ಮೂರನೆಯದೂ ಅದೇ ಬ್ಯಾಂಕಿನದು. ಶೇಕಡಾ ಎಂಟು, ಬಡ್ಡಿ ತಿಂಗಳು ತಿಂಗಳಿಗೆ. ಎಂಟೂಕಾಲು ಎಂಟಕ್ಕಿಂತ ದೊಡ್ಡದು ಎಂಬುದು ಅತ್ತೆಗೆ ಗೊತ್ತು. ತಿಂಗಳು ಮೂರು ತಿಂಗಳಿಗಿಂತ ಬೇಗ ಬರುತ್ತದೆ ಎಂಬುದೂ ಗೊತ್ತು. ಈ ಎರಡು ತಿಳಿವಳಿಕೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ? ಇದೇ ಆಕೆಯ ತೊಡಕು. ಓದಿದವರಲ್ಲಿಯೂ ಅನೇಕರು ಎಡವುವ ಜಾಗ ಇದು.

‘ಬಡ್ಡಿ’ ಎಂಬ ನಮ್ಮ ಮಾತು ಸಂಸ್ಕೃತದ ‘ವೃದ್ಧಿ’ಯ ತದ್ಭವ. ಬೆಳೆಯುವುದೇ ಅದರ ಅರ್ಥ. ಬೆಳೆದದ್ದು ಮತ್ತೆ ಬೆಳೆಯತೊಡಗಿದರೆ ಅದು ಚಕ್ರವೃದ್ಧಿ. ಮನುಸ್ಮೃತಿಯಲ್ಲಿಯೇ ಈ ಹೆಸರು ಬರುತ್ತದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯ ಬಡ್ಡಿಯ ಲೆಕ್ಕಗಳಿಗೆ ತನ್ನ ಗ್ರಂಥದಲ್ಲಿ ಸಾಕಷ್ಟು ಸ್ಥಳ ಕೊಟ್ಟಿದ್ದಾನೆ. ಆದ್ದರಿಂದ ಅತ್ತೆಯ ಜಗಲಿಯ ಪ್ರಶ್ನೆ ಹೊಸದೇನೂ ಅಲ್ಲ. ಚಕ್ರ ಎಷ್ಟು ಸಲ ತಿರುಗಬೇಕು ಎಂಬುದಷ್ಟೆ ಇಲ್ಲಿನ ವಿಚಾರ.

ಮೊದಲು ಒಂದು ವರ್ಷದ ಲೆಕ್ಕವನ್ನು ನೋಡೋಣ. ಒಂದು ಲಕ್ಷಕ್ಕೆ ಶೇಕಡಾ 8ರಂತೆ ವರ್ಷದ ಕೊನೆಗೆ ಒಮ್ಮೆ ಮಾತ್ರ ಬಡ್ಡಿ ಸೇರಿದರೆ 1,08,000 ರೂಪಾಯಿ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಸೇರುವುದಾದರೆ ಆ 8ನ್ನು ನಾಲ್ಕಾಗಿ ಒಡೆದು ಪ್ರತಿ ಸಲವೂ ಶೇಕಡಾ 2ರಂತೆ ಕೂಡಿಸುತ್ತಾರೆ. ಮೊದಲ ಮೂರು ತಿಂಗಳಿಗೆ 2,000 ರೂಪಾಯಿ ಬಡ್ಡಿ ಬಂದು ಮೊತ್ತ 1,02,000 ಆಗುತ್ತದೆ. ಮುಂದಿನ ಬಡ್ಡಿ ಒಂದು ಲಕ್ಷಕ್ಕಲ್ಲ, ಈ 1,02,000ಕ್ಕೆ. ಹೀಗೆ ಆರು ತಿಂಗಳಿಗೆ 1,04,040, ಒಂಬತ್ತು ತಿಂಗಳಿಗೆ 1,06,120 ರೂಪಾಯಿ 80 ಪೈಸೆ, ವರ್ಷ ತುಂಬಿದಾಗ 1,08,243 ರೂಪಾಯಿ 22 ಪೈಸೆ.

ಹೆಚ್ಚಾಗಿ ಬಂದದ್ದು 243 ರೂಪಾಯಿ. ಇದು ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿದರೆ ಚಕ್ರಬಡ್ಡಿಯ ಗುಟ್ಟು ಅರ್ಧ ತಿಳಿದಂತೆ. ಮೊದಲು ಸೇರಿದ 2,000 ರೂಪಾಯಿ ಉಳಿದ ಮೂರು ಅವಧಿಗಳಲ್ಲಿ ದುಡಿಯಿತು. ಅವಧಿಗೆ 40ರಂತೆ 120 ರೂಪಾಯಿ ತಂದಿತು. ಎರಡನೆಯ 2,000 ಎರಡು ಅವಧಿಗಳಲ್ಲಿ ದುಡಿದು 80 ತಂದಿತು. ಮೂರನೆಯದು ಒಂದೇ ಅವಧಿಯಲ್ಲಿ 40 ತಂದಿತು. ನಾಲ್ಕನೆಯದು ವರ್ಷದ ಕೊನೆಯ ದಿನ ಬಂದದ್ದು, ಅದಕ್ಕೆ ದುಡಿಯಲು ಹೊತ್ತೇ ಇರಲಿಲ್ಲ. ಒಟ್ಟು 240. ಉಳಿದ ಮೂರು ರೂಪಾಯಿ ಚಿಲ್ಲರೆ ಬಡ್ಡಿಯ ಬಡ್ಡಿಗೆ ಹುಟ್ಟಿದ ಬಡ್ಡಿ.

ಇದೇ ಲೆಕ್ಕವನ್ನು ತಿಂಗಳಿಗೊಮ್ಮೆ ಸೇರಿಸಿ ಮಾಡಿದರೆ ವರ್ಷದ ಕೊನೆಗೆ 1,08,300 ರೂಪಾಯಿಗೆ ಐದು ಪೈಸೆ ಕಡಿಮೆಯಾಗುತ್ತದೆ. ವರ್ಷದಿಂದ ಮೂರು ತಿಂಗಳಿಗೆ ಬಂದಾಗ 243 ರೂಪಾಯಿ ಹೆಚ್ಚಿತು. ಮೂರು ತಿಂಗಳಿಂದ ಒಂದು ತಿಂಗಳಿಗೆ ಬಂದಾಗ ಹೆಚ್ಚಿದ್ದು ಕೇವಲ 57. ಎರಡನೆಯ ಹೆಜ್ಜೆಯಲ್ಲಿ ಫಲ ಇಷ್ಟು ಕುಗ್ಗಿದ್ದೇಕೆ?

ಅತ್ತೆಗೆ ಇದನ್ನು ತಿಳಿಸಲು ನನಗೆ ಹೊಳೆದದ್ದು ಶರಾವತಿಯ ತಾರಿ ದೋಣಿ. ಸೇತುವೆ ಇಲ್ಲದ ಕಾಲದಲ್ಲಿ ಹೊನ್ನಾವರದ ಬಳಿ ಹೊಳೆ ದಾಟಿದ ನೆನಪು ಆಕೆಗಿತ್ತು. ಒಂದು ದಂಡೆಯ ಮೇಲೆ ಕೂಲಿಯಾಳುಗಳು ಹೊತ್ತೆಲ್ಲ ಒಬ್ಬೊಬ್ಬರಾಗಿ ಬರುತ್ತಲೇ ಇರುತ್ತಾರೆ ಎಂದು ಭಾವಿಸೋಣ. ಕೆಲಸವಿರುವುದು ಆಚೆಯ ದಂಡೆಯಲ್ಲಿ. ಈಚೆ ನಿಂತವನಿಗೆ ಕೂಲಿ ಇಲ್ಲ, ದಾಟಿದ ಮೇಲೆಯೇ ಕೂಲಿ. ಬಡ್ಡಿಯೂ ಹಾಗೆಯೇ. ಅದು ದಿನದಿನವೂ ಹುಟ್ಟುತ್ತದೆ, ಆದರೆ ಅಸಲಿಗೆ ಸೇರುವ ದಿನದವರೆಗೆ ದಂಡೆಯ ಮೇಲೆ ಸುಮ್ಮನೆ ನಿಂತಿರುತ್ತದೆ. ಅಸಲಿಗೆ ಸೇರಿತೆಂದರೆ ಹೊಳೆ ದಾಟಿತು, ಇನ್ನು ದುಡಿಯತೊಡಗುತ್ತದೆ.

ದೋಣಿ ವರ್ಷಕ್ಕೆ ಒಂದೇ ಸಲ ಹೊರಡುವುದಾದರೆ, ಮೊದಲ ದಿನ ಬಂದವನು ಹನ್ನೆರಡು ತಿಂಗಳು ಕಾಯಬೇಕು, ಕೊನೆಯ ದಿನ ಬಂದವನು ಕಾಯಬೇಕಾಗಿಲ್ಲ. ಸರಾಸರಿ ಆರು ತಿಂಗಳ ಕಾಯುವಿಕೆ. ಮೂರು ತಿಂಗಳಿಗೊಮ್ಮೆ ಹೊರಟರೆ ಸರಾಸರಿ ಒಂದೂವರೆ ತಿಂಗಳು. ತಿಂಗಳಿಗೊಮ್ಮೆಯಾದರೆ ಅರ್ಧ ತಿಂಗಳು. ಅಂದರೆ ವರ್ಷದ ದೋಣಿಯನ್ನು ತ್ರೈಮಾಸಿಕ ದೋಣಿಯಾಗಿಸಿದಾಗ ನಾಲ್ಕೂವರೆ ತಿಂಗಳ ಕಾಯುವಿಕೆ ಉಳಿಯಿತು. ಅದನ್ನು ಮಾಸಿಕ ದೋಣಿಯಾಗಿಸಿದಾಗ ಇನ್ನೊಂದು ತಿಂಗಳು ಮಾತ್ರ ಉಳಿಯಿತು. ಆಮೇಲೆ ದಿನಕ್ಕೊಂದು ದೋಣಿಯಲ್ಲ, ಗಳಿಗೆಗೊಂದು ದೋಣಿ ಬಿಟ್ಟರೂ ಉಳಿಸಲು ಬಾಕಿ ಇರುವುದು ಅರ್ಧವೇ ತಿಂಗಳು. ಕಾಯುವಿಕೆಯೇ ಇಲ್ಲದ ಮೇಲೆ ದೋಣಿ ಹೆಚ್ಚಿಸಿ ಮಾಡುವುದೇನು?

ಈಗ ಹತ್ತು ವರ್ಷಗಳ ಲೆಕ್ಕಕ್ಕೆ ಬರೋಣ. ಒಂದು ಲಕ್ಷಕ್ಕೆ ಶೇಕಡಾ 8ರ ದರ. ಬಡ್ಡಿ ಅಸಲಿಗೆ ಸೇರದೆ ಇದ್ದರೆ ಸರಳ ಬಡ್ಡಿಯಲ್ಲಿ ಅದು 1,80,000 ಆಗುತ್ತದೆ. ವರ್ಷಕ್ಕೊಮ್ಮೆ ಸೇರಿದರೆ 2,15,892. ಮೂರು ತಿಂಗಳಿಗೊಮ್ಮೆ ಸೇರಿದರೆ 2,20,804. ತಿಂಗಳಿಗೊಮ್ಮೆ ಸೇರಿದರೆ 2,21,964. ಕ್ಷಣಕ್ಷಣವೂ ಸೇರುತ್ತಲೇ ಇದೆ ಎಂದುಕೊಂಡರೆ ಸಿಗುವ ಕೊನೆಯ ಮಿತಿ 2,22,554. ನಾಲ್ಕೂವರೆ ತಿಂಗಳ ಕಾಯುವಿಕೆ ಉಳಿದಾಗ 4,912 ರೂಪಾಯಿ, ಒಂದು ತಿಂಗಳು ಉಳಿದಾಗ 1,160, ಅರ್ಧ ತಿಂಗಳು ಉಳಿದಾಗ 590. ಹೆಚ್ಚುಕಡಿಮೆ ಕಾಯುವಿಕೆಯ ಅಳತೆಯಲ್ಲಿಯೇ ಹಣವೂ ಹೆಚ್ಚಿದೆ. ಆದರೆ ಇವೆಲ್ಲ ಸೇರಿದರೂ, ಸರಳ ಬಡ್ಡಿಯನ್ನು ಬಿಟ್ಟು ವರ್ಷಕ್ಕೊಮ್ಮೆಯ ಚಕ್ರವನ್ನು ಹಿಡಿದಾಗ ಬಂದ ಸುಮಾರು 35,900 ರೂಪಾಯಿಗಳ ಮುಂದೆ ಸಣ್ಣವೇ. ಚಕ್ರ ತಿರುಗಬೇಕಾದದ್ದು ಮುಖ್ಯ. ಎಷ್ಟು ಬೇಗಬೇಗ ತಿರುಗುತ್ತದೆ ಎಂಬುದು ಆಮೇಲಿನ ಮಾತು.

ಈ ಮಿತಿಯನ್ನು ಮೊದಲು ಗುರುತಿಸಿದವನು ಸ್ವಿಟ್ಜರ್‌ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ. 1683ರಲ್ಲಿ ಅವನು ಕೇಳಿಕೊಂಡ ಪ್ರಶ್ನೆ ಅತ್ತೆಯದೇ. ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಎಂದಿಟ್ಟುಕೊಳ್ಳೋಣ. ಒಂದು ರೂಪಾಯಿ ವರ್ಷದ ಕೊನೆಗೆ ಎರಡು ರೂಪಾಯಿ. ಮೂರು ತಿಂಗಳಿಗೊಮ್ಮೆ ಸೇರಿಸಿದರೆ 2 ರೂಪಾಯಿ 44 ಪೈಸೆ. ತಿಂಗಳಿಗೊಮ್ಮೆ ಸೇರಿಸಿದರೆ 2 ರೂಪಾಯಿ 61 ಪೈಸೆ. ಹೀಗೆ ಬಡ್ಡಿ ಸೇರಿಸುವ ಸಲವನ್ನು ಏರಿಸುತ್ತ ಹೋದರೆ ಅದು ಎಲ್ಲಿಗೆ ಮುಟ್ಟೀತು? ಕೊನೆಯಿಲ್ಲದೆ ಬೆಳೆದೀತೇ? ಇಲ್ಲ, ಎರಡೂವರೆಗೂ ಮೂರಕ್ಕೂ ನಡುವೆ ಎಲ್ಲಿಯೋ ನಿಲ್ಲುತ್ತದೆ ಎಂದು ಬರ್ನೂಲಿ ಕಂಡುಕೊಂಡ. ಅದು 2.718ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮುಂದೆ ಆಯ್ಲರ್ ಆ ಸಂಖ್ಯೆಗೆ e ಎಂಬ ಅಕ್ಷರವನ್ನು ಕೊಟ್ಟ. ಇಂದು ವಿಜ್ಞಾನದ ಪುಸ್ತಕಗಳಲ್ಲೆಲ್ಲ ಕಾಣುವ ಆ ಸಂಖ್ಯೆ ಬೆಳಕಿಗೆ ಬಂದದ್ದು ಬಡ್ಡಿಯ ಲೆಕ್ಕದಿಂದ.

ಇನ್ನು ಅತ್ತೆಯ ಮೊದಲೆರಡು ಚೀಟಿಗಳನ್ನು ತೂಗೋಣ. ಬೇರೆಬೇರೆ ದರ, ಬೇರೆಬೇರೆ ಅವಧಿಗಳ ಚೀಟಿಗಳನ್ನು ಹೋಲಿಸಲು ಒಂದೇ ದಾರಿ ಇದೆ. ನೂರು ರೂಪಾಯಿ ಒಂದು ವರ್ಷದ ಕೊನೆಗೆ ನಿಜವಾಗಿ ಎಷ್ಟಾಗುತ್ತದೆ ಎಂದು ಪ್ರತಿಯೊಂದರಲ್ಲಿಯೂ ಕಂಡುಹಿಡಿಯಬೇಕು. ಮೂರು ತಿಂಗಳಿಗೊಮ್ಮೆ ಸೇರುವ ಬಡ್ಡಿಗೆ ಬಾಯಿಲೆಕ್ಕದ ಉಪಾಯವೊಂದಿದೆ. ದರವನ್ನು ದರದಿಂದಲೇ ಗುಣಿಸಿ, ಮೂರರಿಂದ ಗುಣಿಸಿ, ಎಂಟುನೂರರಿಂದ ಭಾಗಿಸಿ ಬಂದದ್ದನ್ನು ದರಕ್ಕೆ ಕೂಡಿಸಿದರಾಯಿತು. ಎಂಟೆಂಟಲ 64, ಮೂರು ಪಟ್ಟು 192, ಎಂಟುನೂರರಿಂದ ಭಾಗಿಸಿದರೆ 0.24. ಆದ್ದರಿಂದ ಬ್ಯಾಂಕಿನ ಎಂಟು ನಿಜವಾಗಿ 8.24. ಸಂಘದ ಎಂಟೂಕಾಲು ವರ್ಷಕ್ಕೊಮ್ಮೆಯದಾದ್ದರಿಂದ ಅದು 8.25 ಆಗಿಯೇ ಉಳಿಯುತ್ತದೆ. ಕಣ್ಣಿಗೆ ಕಾಲು ರೂಪಾಯಿಯ ಅಂತರ ಕಂಡರೂ ನಿಜವಾದ ಅಂತರ ನೂರಕ್ಕೆ ಒಂದು ಪೈಸೆಯೂ ಅಲ್ಲ. ಹತ್ತು ವರ್ಷಗಳ ಕೊನೆಗೆ ಸಂಘದಲ್ಲಿ 2,20,942, ಬ್ಯಾಂಕಿನಲ್ಲಿ 2,20,804. ಹತ್ತು ವರ್ಷಕ್ಕೆ 138 ರೂಪಾಯಿ.

ಈ ಉಪಾಯದಲ್ಲಿ ದರ ಎರಡು ಸಲ ಗುಣಿಸಲ್ಪಡುವುದನ್ನು ಗಮನಿಸಬೇಕು. ಅದರ ಅರ್ಥ, ದರ ಏರಿದಂತೆ ಬಡ್ಡಿ ಸೇರಿಸುವ ಅವಧಿಯ ಪ್ರಭಾವ ಅದಕ್ಕಿಂತ ವೇಗವಾಗಿ ಏರುತ್ತದೆ. ಶೇಕಡಾ 8ರಲ್ಲಿ ತಿಂಗಳ ಚಕ್ರ ವರ್ಷಕ್ಕೆ ಕೊಡುವ ಹೆಚ್ಚಳ ನೂರಕ್ಕೆ 30 ಪೈಸೆ. ಶೇಕಡಾ 24ರಲ್ಲಿ ಅದು 2 ರೂಪಾಯಿ 82 ಪೈಸೆ. ದರ ಮೂರು ಪಟ್ಟಾದರೆ ಹೆಚ್ಚಳ ಒಂಬತ್ತು ಪಟ್ಟಿಗೂ ಮಿಗಿಲು. ಇಡುಗಂಟಿಗೆ ಸಿಗುವ ಸಾಧಾರಣ ದರದಲ್ಲಿ ಈ ಅವಧಿಗಳ ಭೇದ ಅಲ್ಪ. ಆದರೆ ಕೈಸಾಲದ ದೊಡ್ಡ ದರದಲ್ಲಿ, ಕೊಡಬೇಕಾದವನ ಪಾಲಿಗೆ, ಅದು ಅಲ್ಪವಲ್ಲ. ನಮ್ಮ ಹಿಂದಿನವರಿಗೆ ಇದು ತಿಳಿದಿತ್ತು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಅಲ್ಲಿನ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ‘ದಾಮ್‌ದುಪಟ್’ ಎಂಬ ಹಳೆಯ ನಿಯಮವನ್ನು ಮನ್ನಿಸುತ್ತಿದ್ದವು. ಒಂದೇ ಸಲಕ್ಕೆ ವಸೂಲು ಮಾಡುವ ಬಾಕಿ ಬಡ್ಡಿ ಅಸಲನ್ನು ಮೀರಬಾರದು ಎಂಬುದು ಅದರ ಸಾರ. ಸಾಲದ ಚಕ್ರಕ್ಕೆ ಇಮ್ಮಡಿಯ ಬಳಿ ಹಾಕಿದ ಅಡ್ಡಗಟ್ಟೆ ಅದು. ಇಡುಗಂಟಿನ ಚಕ್ರಕ್ಕೆ ಅಂಥ ಅಡ್ಡಗಟ್ಟೆ ಇಲ್ಲ. ಶೇಕಡಾ 8ರಲ್ಲಿ ವರ್ಷದ ಚಕ್ರ ಒಂಬತ್ತು ವರ್ಷಕ್ಕೆ 1,99,900ಕ್ಕೆ ಬಂದು ನಿಂತರೆ, ತ್ರೈಮಾಸಿಕ ಚಕ್ರ ಮೂರು ತಿಂಗಳು ಮೊದಲೇ, ಎಂಟೂಮುಕ್ಕಾಲು ವರ್ಷಕ್ಕೆ, 1,99,989ನ್ನು ಮುಟ್ಟುತ್ತದೆ. ಎರಡೂ ಇಮ್ಮಡಿಯ ಹೊಸ್ತಿಲಲ್ಲಿಯೇ. ಅಲ್ಲಿಂದ ಮುಂದೆಯೂ ಅವು ನಡೆಯುತ್ತಲೇ ಇರುತ್ತವೆ.

ಮೂರನೆಯ ಚೀಟಿಯದು ಬೇರೆಯೇ ಕಥೆ. ಅತ್ತೆಗೆ ಅದರ ಮೇಲೆಯೇ ಕಣ್ಣು, ಅದರ ಮೇಲೆಯೇ ಸಂಶಯ. “ನೂರಕ್ಕೆ ಎಂಟೆಂದರೆ ವರ್ಷಕ್ಕೆ ಎಂಟು ಸಾವಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಆರುನೂರ ಅರವತ್ತಾರು ಚಿಲ್ಲರೆ. ಇವರು ಬರೆದದ್ದು ಆರುನೂರ ಅರವತ್ತೆರಡು. ನಾಲ್ಕು ರೂಪಾಯಿ ಎಲ್ಲಿ ಹೋಯಿತು, ತಮಾ?” ಆಕೆಯ ಲೆಕ್ಕ ತಪ್ಪಿರಲಿಲ್ಲ. ಬ್ಯಾಂಕಿನದೂ ತಪ್ಪಿರಲಿಲ್ಲ.

ನಮ್ಮ ಬ್ಯಾಂಕುಗಳು ಅವಧಿ ಠೇವಣಿಗೆ ಬಡ್ಡಿ ಕಟ್ಟುವುದು ಮೂರು ತಿಂಗಳ ಅಥವಾ ಅದಕ್ಕಿಂತ ದೀರ್ಘವಾದ ಅವಧಿಗಳ ಲೆಕ್ಕದಲ್ಲಿ. ತಿಂಗಳು ತಿಂಗಳಿಗೆ ಬೇಕೆಂದವರಿಗೆ ಆ ತ್ರೈಮಾಸಿಕ ಬಡ್ಡಿಯನ್ನೇ ಮುಂಚಿತವಾಗಿ, ಸ್ವಲ್ಪ ತಗ್ಗಿಸಿ ಕೊಡುತ್ತಾರೆ. ತಗ್ಗಿಸುವುದು ಯಾಕೆಂದರೆ, ಮೂರು ತಿಂಗಳ ಕೊನೆಗೆ ಕೊಡಬೇಕಾದ 2,000 ರೂಪಾಯಿಯಲ್ಲಿ ಒಂದು ಪಾಲನ್ನು ಎರಡು ತಿಂಗಳು ಮೊದಲೂ ಇನ್ನೊಂದನ್ನು ಒಂದು ತಿಂಗಳು ಮೊದಲೂ ಕೊಟ್ಟಂತಾಯಿತು. ತಿಂಗಳಿಗೆ 662 ರೂಪಾಯಿ 27 ಪೈಸೆಯನ್ನು ಪಡೆದವರು ಅದನ್ನು ಅದೇ ದರದಲ್ಲಿ ಮತ್ತೆ ತೊಡಗಿಸಿದರೆ ಮೂರು ತಿಂಗಳ ಕೊನೆಗೆ ಸರಿಯಾಗಿ 2,000 ಆಗುತ್ತದೆ. ಆದ್ದರಿಂದ ‘ತಿಂಗಳ ಬಡ್ಡಿ’ ಎಂದು ಬರೆದಿದ್ದ ಮಾತ್ರಕ್ಕೆ ಅದು ತಿಂಗಳಿಗೊಮ್ಮೆ ತಿರುಗುವ ಚಕ್ರವಲ್ಲ. ಅದು ಚಕ್ರವೇ ಅಲ್ಲ. ಬಡ್ಡಿ ಹೊಳೆ ದಾಟುವ ಬದಲು ಮನೆಗೆ ಹೋಗುತ್ತದೆ. ತಿಂಗಳ ಖರ್ಚಿಗೆ ಹಣ ಬೇಕಾದವರಿಗೆ ಅದು ಸರಿಯಾದ ದಾರಿ. ಆದರೆ ಖರ್ಚಾಗಿ ಹೋದ ಬಡ್ಡಿ ಹತ್ತು ವರ್ಷಕ್ಕೆ 79,472 ರೂಪಾಯಿ, ಕೊನೆಗೆ ಕೈಯಲ್ಲುಳಿಯುವುದು ಅದೇ ಒಂದು ಲಕ್ಷ. ಮೊಮ್ಮಗಳ ಕಾಲೇಜಿಗೆ ಅದು ಒದಗದು.

ಇಂಥ ಚೀಟಿಗಳಲ್ಲಿ ಇನ್ನೊಂದು ಬಲೆಯೂ ಇರುವುದುಂಟು. ಹತ್ತು ವರ್ಷಕ್ಕೆ ಒಂದು ಲಕ್ಷ 2,20,804 ಆಯಿತಲ್ಲ, ಬೆಳೆದದ್ದು 1,20,804. ಇದನ್ನು ಹತ್ತರಿಂದ ಭಾಗಿಸಿ, ‘ವಾರ್ಷಿಕ ಸರಾಸರಿ ಪ್ರತಿಫಲ ಶೇಕಡಾ 12.08’ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದರೆ ಲೆಕ್ಕ ಸುಳ್ಳಲ್ಲ, ಆದರೆ ಹೋಲಿಕೆ ಸುಳ್ಳು. ಅದು ಶೇಕಡಾ 8ರ ಅದೇ ಠೇವಣಿ. ಅದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಮೊದಲ ಒಂದು ವರ್ಷ ಕಳೆದಾಗ ನೂರು ಎಷ್ಟಾಗುತ್ತದೆ ಎಂದು ಕೇಳಬೇಕು. ಶೇಕಡಾ 12 ಎಂದು ಹೇಳಿದವರು ಆಗ ನೂರ ಎಂಟು ಚಿಲ್ಲರೆ ಎನ್ನಬೇಕಾಗುತ್ತದೆ.

ಹೀಗೆ ಅತ್ತೆಯ ಮುಂದೆ ಉಳಿದದ್ದು ಎರಡು ಚೀಟಿ, ನಡುವೆ 138 ರೂಪಾಯಿ. ಲೆಕ್ಕ ಇಲ್ಲಿಗೆ ಮುಗಿಯಿತು. ಲೆಕ್ಕ ಮುಗಿದ ಮೇಲೆಯೇ ಕೇಳಬೇಕಾದ ಪ್ರಶ್ನೆ ಒಂದಿತ್ತು. ಹತ್ತು ವರ್ಷ ಚಕ್ರ ತಿರುಗಬೇಕಾದರೆ ಹತ್ತು ವರ್ಷವೂ ಆ ಚಕ್ರದ ಅಚ್ಚು ಗಟ್ಟಿಯಾಗಿರಬೇಕು. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕುಗಳನ್ನೂ ಒಳಗೊಂಡು, ಠೇವಣಿ ವಿಮೆಯ ರಕ್ಷಣೆಯುಂಟು. ಅಂದು ಅದರ ಮಿತಿ ಒಂದು ಲಕ್ಷ ರೂಪಾಯಿ ಇತ್ತು. 2020ರ ಫೆಬ್ರುವರಿಯಲ್ಲಿ ಐದು ಲಕ್ಷಕ್ಕೆ ಏರಿತು. ಪತ್ತಿನ ಸಹಕಾರಿ ಸಂಘಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಒಳ್ಳೆಯ ಸಂಘಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಅತ್ತೆಗೆ ಚೀಟಿ ಕೊಟ್ಟದ್ದೂ ಅಂಥದೇ ಇದ್ದೀತು. ಆದರೆ ಹತ್ತು ವರ್ಷಕ್ಕೆ 138 ರೂಪಾಯಿ ಎಂದರೆ ತಿಂಗಳಿಗೆ ಒಂದು ರೂಪಾಯಿ ಹದಿನೈದು ಪೈಸೆ. ಆ ರಕ್ಷಣೆಯನ್ನು ಬಿಟ್ಟುಕೊಡಲು ಇದು ತೀರ ಅಗ್ಗದ ಬೆಲೆ ಎಂದು ನಾನು ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಚೀಟಿಗಳನ್ನು ನೋಡಿ, “ಹಾಗಾದರೆ ಈ ಎಂಟೂಕಾಲು ಎಂಬುದು ಬರೆಯುವಾಗ ಮಾತ್ರ ದೊಡ್ಡದು” ಎಂದಳು. ನಾನು ಇಷ್ಟು ಉದ್ದಕ್ಕೆ ಹೇಳಿದ್ದನ್ನು ಆಕೆ ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಎರಡನೆಯ ಚೀಟಿಯ ಠೇವಣಿ 2025ರಲ್ಲಿ ತುಂಬಿತು. ರಸೀದಿಯ ಹಿಂಬದಿಯಲ್ಲಿ ನಾನು ಪೆನ್ಸಿಲಿನಿಂದ 2,20,804 ಎಂದು ಬರೆದಿಟ್ಟಿದ್ದೆ. ಬ್ಯಾಂಕಿಗೆ ಮೊಮ್ಮಗಳೇ ಅತ್ತೆಯನ್ನು ಕರೆದುಕೊಂಡು ಹೋದಳು. ಬಂದ ಹಣವನ್ನೂ ಆ ಪೆನ್ಸಿಲಿನ ಅಂಕಿಯನ್ನೂ ಅತ್ತೆ ಎರಡು ಸಲ ಓದಿಸಿಕೊಂಡಳಂತೆ. ಆಮೇಲೆ ಹುಡುಗಿಯ ಕಾಲೇಜಿನ ಶುಲ್ಕದ ಚೀಟಿಯನ್ನು ತರಿಸಿ, ಅದರಲ್ಲಿ ಎಷ್ಟು ಕಂತು, ಯಾವ ಯಾವ ತಿಂಗಳಿಗೆ ಎಂದು ಕೇಳಿದಳು. ಕೊಡಬೇಕಾದ ದಿನ ಬರುವವರೆಗೆ ಉಳಿದ ಹಣವನ್ನು ದಂಡೆಯ ಮೇಲೆ ಸುಮ್ಮನೆ ನಿಲ್ಲಿಸಲು ಆಕೆಗೆ ಮನಸ್ಸಿರಲಿಲ್ಲ.